'ಎ', 'ಆನ್', 'ದಿ': ಏಳನೇ ತರಗತಿಯ ಒಂದು ಹಾಳೆ, ಒಂಬತ್ತು ಬಿಟ್ಟ ಸ್ಥಳಗಳು

ಏಳನೇ ತರಗತಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಇಂಗ್ಲಿಷ್ ವ್ಯಾಕರಣದ ಒಂದು ವರ್ಕ್‌ಶೀಟ್ ಮನೆಗೆ ಬಂದಿದೆ. ಬಿಟ್ಟ ಸ್ಥಳದಲ್ಲಿ 'ಎ', 'ಆನ್', 'ದಿ' ಪೈಕಿ ಒಂದನ್ನು ತುಂಬಬೇಕು, ಪಕ್ಕದಲ್ಲಿ ಏಕೆ ಎಂದು ಒಂದೇ ಸಾಲಿನ ಕಾರಣ ಬರೆಯಬೇಕು. ವಾಕ್ಯಗಳು ಇವು:

```
1. We waited for ___ hour at the bus stand.
2. My sister studies at ___ university in Mysuru.
3. He gave me ___ one-rupee coin.
4. A farmer had ___ ox. ___ ox was very old.
5. Her uncle is ___ MLA.
6. ___ Kaveri rises at Talakaveri.
7. Grandfather wore ___ HMT watch.
8. ___ elephant at the temple blessed us.
```

ಒಂಬತ್ತರಲ್ಲಿ ಮೂರು ಮಾತ್ರ ಸರಿಯಾಗಿವೆ. ಒಂದನೆಯದು 'ಆನ್', ನಾಲ್ಕನೆಯದರ ಮೊದಲ ಜಾಗ 'ಆನ್', ಆರನೆಯದು 'ದಿ'. ಉಳಿದವುಗಳಲ್ಲಿ ಅವಳು 2 ಮತ್ತು 3ಕ್ಕೆ 'ಆನ್', ನಾಲ್ಕರ ಎರಡನೇ ಜಾಗಕ್ಕೂ 'ಆನ್', 5 ಮತ್ತು 7ಕ್ಕೆ 'ಎ', 8ಕ್ಕೆ 'ದಿ' ಬರೆದಿದ್ದಳು. ಕೀ ಉತ್ತರದಲ್ಲಿ 2 ಮತ್ತು 3ಕ್ಕೆ 'ಎ', ನಾಲ್ಕರ ಎರಡನೇ ಜಾಗಕ್ಕೆ 'ದಿ', 5, 7, 8ಕ್ಕೆ 'ಆನ್' ಎಂದಿದೆ. ಕಾರಣದ ಜಾಗದಲ್ಲೆಲ್ಲ ಅವಳು "ಸ್ವರಾಕ್ಷರ ಇದೆ" ಅಥವಾ "ಸ್ವರಾಕ್ಷರ ಇಲ್ಲ" ಎಂದಷ್ಟೇ ಬರೆದಿದ್ದಾಳೆ. ನನಗೂ ಶಾಲೆಯಲ್ಲಿ ಅಷ್ಟನ್ನೇ ಕಲಿಸಿದ್ದರು. ಅವಳಿಗೆ ಏನು ಹೇಳಿಕೊಡಲಿ?

ವ್ಯಾಕರಣಾಸಕ್ತ

ಮೇಡಂ, ಇದು ಕಷ್ಟದ ವಿಷಯವಲ್ಲ. ಇಂಗ್ಲಿಷಿನ ಐದು ಸ್ವರಾಕ್ಷರಗಳಿಂದ ಆರಂಭವಾಗುವ ಪದಕ್ಕೆ 'ಆನ್', ಉಳಿದವಕ್ಕೆ 'ಎ'. 'ಅವರ್', 'ಯೂನಿವರ್ಸಿಟಿ' ಮುಂತಾದ ಏಳೆಂಟು ಪದಗಳು ಅಪವಾದ, ಅವುಗಳನ್ನು ಬಾಯಿಪಾಠ ಮಾಡಿಸಿಬಿಡಿ. ಎರಡನೆಯದಕ್ಕೆ ಮಾತ್ರ 'ದಿ' ಬರಬೇಕು ಎಂಬುದು ನನ್ನ ಅಭಿಪ್ರಾಯ. ಮೈಸೂರಿನ ವಿಶ್ವವಿದ್ಯಾನಿಲಯ ಎಂದರೆ ಯಾವುದು ಎಂದು ಎಲ್ಲರಿಗೂ ಗೊತ್ತು, 1916ರಿಂದ ಇರುವ ಸಂಸ್ಥೆ ಅದು. ಆರನೆಯದಕ್ಕೆ ಏನೂ ಬರಬಾರದು, ಏಕೆಂದರೆ ಕಾವೇರಿ ಅಂಕಿತನಾಮ. ಅಂಕಿತನಾಮಕ್ಕೆ ಇವುಗಳಲ್ಲಿ ಯಾವುದನ್ನೂ ಹಚ್ಚುವುದಿಲ್ಲ.

ನಿವೃತ್ತ ಮೇಷ್ಟ್ರು

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಈ "ಐದು ಸ್ವರಾಕ್ಷರ"ದ ಸೂತ್ರ ಮಕ್ಕಳಿಗೆ ಮಾಡಿದಷ್ಟು ತೊಂದರೆಯನ್ನು ಬೇರಾವ ಸೂತ್ರವೂ ಮಾಡಿದ್ದನ್ನು ಕಾಣೆ. ಅಕ್ಷರ ನೋಡುವುದು ಕಣ್ಣು. 'ಎ'ಯೋ 'ಆನ್' ಎಂಬುದೋ ತೀರ್ಮಾನವಾಗುವುದು ಕಿವಿಯಲ್ಲಿ. ಪದದ ಮೊದಲ ಧ್ವನಿ ಸ್ವರವಾದರೆ 'ಆನ್', ವ್ಯಂಜನವಾದರೆ 'ಎ'. ಬರೆಯುವಾಗ ಮೊದಲು ಯಾವ ಅಕ್ಷರ ಕುಳಿತಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ನೋಡಿದರೆ ಅಪವಾದಗಳ ಪಟ್ಟಿಯೂ ಬೇಕಾಗುವುದಿಲ್ಲ.

ಕನ್ನಡದ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ. ನಮ್ಮ ಲಿಪಿ ಉಚ್ಚಾರಣೆಯನ್ನು ಹಿಂಬಾಲಿಸುತ್ತದೆ, ಹಾಗಾಗಿ ಆ ಪದವನ್ನು ಕನ್ನಡದಲ್ಲಿ ಬರೆದು ಮೊದಲ ಅಕ್ಷರ ನೋಡಲು ಹೇಳಿ. ಒಂದನೆಯದು 'ಅವರ್'. ಇಂಗ್ಲಿಷಿನಲ್ಲಿ ಹಕಾರ ಬರೆದರೂ ಅದನ್ನು ನುಡಿಯುವುದಿಲ್ಲ, ಕನ್ನಡದಲ್ಲಿ ಬರೆದರೆ 'ಅ' ಕಣ್ಣಿಗೆ ಕಾಣುತ್ತದೆ. 'ಅ' ಸ್ವರ, ಆದ್ದರಿಂದ 'ಆನ್'. ಎರಡನೆಯದು 'ಯೂನಿವರ್ಸಿಟಿ'. 'ಯ' ನಮ್ಮ ವರ್ಣಮಾಲೆಯಲ್ಲಿ ವ್ಯಂಜನ, ಆದ್ದರಿಂದ 'ಎ'. ಐದನೆಯದು 'ಎಂ.ಎಲ್.ಎ.'. ಇಂಗ್ಲಿಷಿನಲ್ಲಿ ಅದು ವ್ಯಂಜನಾಕ್ಷರವಾದರೂ ಅದರ ಹೆಸರು 'ಎಂ' ಎಂದು ಸ್ವರದಿಂದಲೇ ಆರಂಭವಾಗುತ್ತದೆ. ಆದ್ದರಿಂದ 'ಆನ್ ಎಂ.ಎಲ್.ಎ.'. ಇದೇ ಲೆಕ್ಕದಲ್ಲಿ 'ಆನ್ ಎಲ್‌ಪಿಜಿ ಸಿಲಿಂಡರ್' ಸರಿ, 'ಎ ಯುಪಿಎಸ್' ಸರಿ.

ಕಾರಣದ ಸಾಲನ್ನು "ಮೊದಲ ಧ್ವನಿ ಅ, ಸ್ವರ" ಎಂದು ಬರೆಯಿಸಿ. "ಸ್ವರಾಕ್ಷರ ಇದೆ" ಎಂಬುದು ಕಾರಣವಾಗುವುದಿಲ್ಲ.

ವ್ಯಾಕರಣಾಸಕ್ತರೇ, ಮೈಸೂರಿನ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅಲ್ಲಿ ಒಂದೇ ವಿಶ್ವವಿದ್ಯಾನಿಲಯ ಇದ್ದಿದ್ದರೆ 'ದಿ' ಸರಿಯಾಗುತ್ತಿತ್ತು. ಆದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಮೈಸೂರಿನಲ್ಲೇ ಇದೆ. ಯಾವುದು ಎಂದು ವಾಕ್ಯ ಹೇಳುತ್ತಿಲ್ಲ, ಆದ್ದರಿಂದ 'ಎ'. ಕಾವೇರಿಯ ವಿಷಯದಲ್ಲಿ ಮಾತ್ರ ಒಪ್ಪಲಾರೆ. ವ್ಯಕ್ತಿಯ ಹೆಸರಿಗೆ, ಊರಿನ ಹೆಸರಿಗೆ 'ದಿ' ಬೇಡ. ನದಿಯ ಹೆಸರಿಗೆ ಬೇಕು, ಇಂಗ್ಲಿಷಿನ ರೂಢಿ ಹಾಗಿದೆ. "ನದಿಯ ಹೆಸರು" ಎಂದು ಬರೆದರೆ ಕಾರಣ ಮುಗಿಯಿತು.

ಏಳನೇ ತರಗತಿಯ ಅಮ್ಮ

ಮೇಷ್ಟ್ರೇ, ನಿಮ್ಮ ವಿಧಾನ ಅವಳಿಗೆ ತಕ್ಷಣ ಹಿಡಿಸಿತು. 2 ಮತ್ತು 5 ಬಗೆಹರಿದವು. ಆದರೆ ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡೆವು. ಅವಳು ಕನ್ನಡದಲ್ಲಿ 'ಒನ್' ಎಂದು ಬರೆದಳು. 'ಒ' ಸ್ವರ, ಆದ್ದರಿಂದ 'ಆನ್' ಎಂದಳು. ಕೀ ಉತ್ತರ 'ಎ' ಎನ್ನುತ್ತದೆ. ಎಲ್ಲಿ ತಪ್ಪಿದೆವು?

ನಿವೃತ್ತ ಮೇಷ್ಟ್ರು

ತಪ್ಪು ಅವಳದಲ್ಲ ತಾಯಿ, ನಾನು ಅರ್ಧ ಮಾತ್ರ ಹೇಳಿದ್ದೆ. ಕನ್ನಡದಲ್ಲಿ ಬರೆದು ನೋಡುವ ಉಪಾಯ ಸೋಲುವ ಜಾಗ ಇದೇ. ನಾವು 'ಒನ್' ಎಂದು ಬರೆಯುವುದು ರೂಢಿಯಿಂದ. ಇಂಗ್ಲಿಷಿನವರ ಬಾಯಲ್ಲಿ ಅದು 'ವನ್'. ಆರಂಭದಲ್ಲಿ ತುಟಿಗಳು ದುಂಡಾಗಿ ಮುಂದೆ ಬರುತ್ತವೆ, 'ವಾಟರ್' ಎನ್ನುವಾಗ ಬರುವ ಹಾಗೆಯೇ. ಅದು ವ್ಯಂಜನ, ಆದ್ದರಿಂದ 'ಎ ವನ್-ರುಪಿ ಕಾಯಿನ್'. ಏಕಮುಖ ಸಂಚಾರದ ರಸ್ತೆಯೂ ಹೀಗೆಯೇ, 'ಎ ವನ್-ವೇ ಸ್ಟ್ರೀಟ್'.

ಇದಕ್ಕೆ ಹಿಂದೆ ಒಂದು ಕಾರಣವಿದೆ. ಕನ್ನಡಿಗರು ಮಾತನಾಡುವಾಗ ಪದದ ಮೊದಲ 'ಎ'ಗೆ ಸಣ್ಣ ಯಕಾರವನ್ನೂ 'ಒ'ಗೆ ಸಣ್ಣ ವಕಾರವನ್ನೂ ಸೇರಿಸುತ್ತೇವೆ. 'ಎಲೆ' ಎಂದು ಬರೆದು 'ಯೆಲೆ' ಎನ್ನುತ್ತೇವೆ, 'ಒಂದು' ಎಂದು ಬರೆದು 'ವೊಂದು' ಎನ್ನುತ್ತೇವೆ. ಬರಹದಲ್ಲಿ ಇದು ಕಾಣಿಸುವುದಿಲ್ಲ. ಹಾಗಾಗಿ ಎರಡು ಕಡೆಯಿಂದ ಎಡವುತ್ತೇವೆ. 'ವನ್' ಎಂಬಲ್ಲಿ ನಿಜವಾಗಿ ಇರುವ ವಕಾರ ನಮ್ಮ ಬರಹದಲ್ಲಿ ಮರೆಯಾಗುತ್ತದೆ. 'ಎಗ್' ಎಂಬಲ್ಲಿ ಇಲ್ಲದ ಯಕಾರವನ್ನು ನಾವೇ ತಂದು 'ಯೆಗ್' ಎನ್ನುತ್ತೇವೆ, ಹಾಗಾಗಿ 'ಎ ಯೆಗ್' ಎಂದು ಬರೆದ ಮಕ್ಕಳನ್ನೂ ನೋಡಿದ್ದೇನೆ. ನಿಮ್ಮ ಮಗಳು ಐದನೆಯದನ್ನು 'ಯೆಮ್ಮೆಲ್ಲೆ' ಎಂದು ಓದಿದ್ದರೆ 'ಎ' ಎಂದು ಬರೆದದ್ದರಲ್ಲೂ ಆಶ್ಚರ್ಯವಿಲ್ಲ, ಕೇಳಿ ನೋಡಿ.

ಪದವನ್ನು ಕನ್ನಡದಲ್ಲಿ ಬರೆದ ಮೇಲೆ ಒಮ್ಮೆ ನಿಧಾನವಾಗಿ ನುಡಿಯಲಿ. 'ಎಗ್' ಎನ್ನುವಾಗ ಬಾಯಿ ನೇರವಾಗಿ ತೆರೆದುಕೊಳ್ಳಬೇಕು, ನಾಲಿಗೆ ಮೇಲೆ ಏರಬಾರದು. 'ವನ್' ಎನ್ನುವಾಗ ತುಟಿ ದುಂಡಾಗಲೇಬೇಕು. ಒಂದು ಕನ್ನಡಿ ಕೊಟ್ಟರೆ ಅವಳೇ ಕಂಡುಕೊಳ್ಳುತ್ತಾಳೆ.

ಬಸವನಗುಡಿಯ ಓದುಗ

ನನ್ನದೂ ಒಂದು ಮಾತು. ನಮ್ಮ ಕಾಲದಲ್ಲಿ ಸ್ವರದ ಹಿಂದೆ 'ದಿ', ವ್ಯಂಜನದ ಹಿಂದೆ 'ದ' ಎಂದು ಕಲಿಸುತ್ತಿದ್ದರು. ಈ ವರ್ಕ್‌ಶೀಟಿನಲ್ಲಿ ಅದರ ಪ್ರಸ್ತಾಪವೇ ಇಲ್ಲವಲ್ಲ? ಆರನೆಯದು 'ದ ಕಾವೇರಿ' ಆಗಬೇಕು, 'ದಿ' ಎಂದು ಬರೆದರೆ ತಪ್ಪು ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ ಮೇಷ್ಟ್ರು

ಸರ್, ನೀವು ಹೇಳುತ್ತಿರುವುದು ಓದುವ ರೀತಿ. ಬರೆಯುವಾಗ ಎರಡೂ ಒಂದೇ ಪದ, ಕಾಗುಣಿತದಲ್ಲಿ ವ್ಯತ್ಯಾಸವಿಲ್ಲ. ಇಲ್ಲಿ ನಾವು ಎಲ್ಲ ಕಡೆಯೂ 'ದಿ' ಎಂದು ಬರೆಯುತ್ತಿರುವುದು ಆ ಪದದ ಹೆಸರಾಗಿ ಅಷ್ಟೇ. ಆದರೆ ನಿಮ್ಮ ಮಾತು ಈ ಹುಡುಗಿಗೆ ಉಪಯೋಗಕ್ಕೆ ಬರುತ್ತದೆ. 'ದಿ ಆಕ್ಸ್', 'ದ ಕಾವೇರಿ' ಎಂದು ಗಟ್ಟಿಯಾಗಿ ಓದಿ ಅಭ್ಯಾಸವಾದರೆ ಅದೇ ಕಿವಿ 'ಆನ್ ಆಕ್ಸ್', 'ಎ ಯೂನಿವರ್ಸಿಟಿ' ಎಂಬುದನ್ನೂ ಗುರುತಿಸುತ್ತದೆ. ಎರಡಕ್ಕೂ ಮೊದಲ ಧ್ವನಿಯೇ ಆಧಾರ.

ಈ 'ಆನ್' ಎಂಬುದರ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. ಎರಡರಲ್ಲಿ 'ಆನ್' ಹಳೆಯದು. ಹಳೆಯ ಇಂಗ್ಲಿಷಿನಲ್ಲಿ 'ಒಂದು' ಎಂಬ ಸಂಖ್ಯಾವಾಚಕವೇ ಸವೆದು 'ಆನ್' ಆಯಿತು. ಮುಂದೆ ವ್ಯಂಜನ ಬಂದಾಗ ನಕಾರ ಉದುರಿ 'ಎ' ಉಳಿಯಿತು. ಈ ನಕಾರ ಯಾರ ಪಾಲಿನದು ಎಂಬ ಗೊಂದಲ ಇಂಗ್ಲಿಷಿನವರಿಗೂ ಇತ್ತು. ಕ್ರಿಕೆಟ್ಟಿನ 'ಅಂಪೈರ್' ಪದ ಮೊದಲು ನಕಾರದಿಂದಲೇ ಆರಂಭವಾಗುತ್ತಿತ್ತು. ಜನ ಆ ನಕಾರವನ್ನು ಹಿಂದಿನ 'ಎ'ಗೆ ಅಂಟಿಸಿ 'ಆನ್ ಅಂಪೈರ್' ಮಾಡಿದರು. 'ಏಪ್ರನ್' ಎಂಬುದರ ಕಥೆಯೂ ಇದೇ.

ಬರ್ಮಿಂಗ್‌ಹ್ಯಾಮ್‌ನ ನರ್ಸ್

ನಾನು ಶಿವಮೊಗ್ಗದವಳು, ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. 'ಎ'ಯೋ 'ಆನ್' ಎಂಬುದೋ ಎನ್ನುವುದು ನನಗೆ ಎಂದೂ ದೊಡ್ಡ ತೊಂದರೆಯಾಗಲಿಲ್ಲ. ನನ್ನ ತೊಂದರೆ ಬೇರೆ, ಇವುಗಳಲ್ಲಿ ಯಾವುದನ್ನೂ ಹಾಕದೆ ಬಿಡುವುದು. ಇಲ್ಲಿಗೆ ಬರುವ ಮುನ್ನ ಭಾಷಾ ಪರೀಕ್ಷೆಗೆ ಪತ್ರ ಬರೆಯುವ ಅಭ್ಯಾಸ ಮಾಡುವಾಗ 'ಐ ಆಮ್ ನರ್ಸ್' ಎಂದು ಬರೆದಿದ್ದೆ, ತಿದ್ದುವವರು ಕೆಂಪು ಗುರುತು ಹಾಕಿದ್ದರು. ನಾಲ್ಕನೆಯ ವಾಕ್ಯವನ್ನು ಮಕ್ಕಳಿಗೆ ಹೇಳುವಾಗ "ಒಂದು ಎಂದರೆ 'ಎ', ಆ ಎಂದರೆ 'ದಿ'" ಎಂದು ಸಾಮಾನ್ಯವಾಗಿ ಕಲಿಸುತ್ತಾರೆ. ನನಗೂ ಹಾಗೆಯೇ ಕಲಿಸಿದ್ದರು. ಆದರೆ ಕನ್ನಡದಲ್ಲಿ ನಾನು "ನಾನು ನರ್ಸ್" ಎನ್ನುತ್ತೇನೆ, "ನಾನು ಒಬ್ಬ ನರ್ಸ್" ಎಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. "ಅವಳ ಮಾವ ಎಂ.ಎಲ್.ಎ." ಎಂಬುದೂ ಹಾಗೆಯೇ. 'ಒಬ್ಬ' ಇಲ್ಲದ ಕಡೆ 'ಎ' ಹುಡುಕುವುದು ಹೇಗೆ?

ನಿವೃತ್ತ ಮೇಷ್ಟ್ರು

ಸರಿಯಾದ ಪ್ರಶ್ನೆ ಕೇಳಿದಿರಿ ಅಮ್ಮ. ಆ ಪಾಠ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಮೊದಲು ನೋಡೋಣ. ಅಜ್ಜಿ ಕಥೆ ಹೇಳುವಾಗ "ಒಂದೂರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಮೂವರು ಮಕ್ಕಳು" ಎನ್ನುತ್ತಾಳೆ. ಮೊದಲ ಸಲ ರಾಜನನ್ನು ಕರೆತಂದಾಗ 'ಒಬ್ಬ', ಕೇಳುವವರಿಗೆ ಪರಿಚಯವಾದ ಮೇಲೆ 'ಆ'. ನಾಲ್ಕನೆಯ ವಾಕ್ಯ ಈ ಅಚ್ಚಿನಲ್ಲೇ ಇದೆ. "ಒಬ್ಬ ರೈತನ ಬಳಿ ಒಂದು ಎತ್ತಿತ್ತು, ಆ ಎತ್ತು ಬಹಳ ಮುದಿಯಾಗಿತ್ತು." ಎರಡನೇ ಜಾಗದಲ್ಲೂ 'ಆನ್' ಎಂದು ಬರೆದರೆ ಕೇಳುವವರಿಗೆ ಅದು ಇನ್ನೊಂದು ಎತ್ತು ಅನ್ನಿಸುತ್ತದೆ. ಕಾರಣ: "ಈಗಾಗಲೇ ಹೇಳಿದ ಎತ್ತು". 'ದಿ' ಎಂಬುದು ಇಂಗ್ಲಿಷಿನಲ್ಲೂ 'ಅದು', 'ಆ' ಎಂದು ಬೆರಳು ತೋರಿಸುವ ಪದದಿಂದಲೇ ಬಂದದ್ದು.

ನಿಮ್ಮ 'ನರ್ಸ್' ವಾಕ್ಯದಲ್ಲಿ ಈ ಸಹಾಯ ಸಿಗುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಅನುವಾದವನ್ನು ಬಿಟ್ಟು ಇಂಗ್ಲಿಷಿನ ಒಳಗೇ ನೋಡಬೇಕು. ಎಣಿಸಬಹುದಾದ ವಸ್ತುವೋ ವ್ಯಕ್ತಿಯೋ ಒಂದೇ ಇದ್ದಾಗ ಇಂಗ್ಲಿಷಿನಲ್ಲಿ ಆ ನಾಮಪದ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಹಿಂದೆ 'ಎ', 'ದಿ', 'ನನ್ನ', 'ಆ' ಏನಾದರೊಂದು ಇರಬೇಕು. ಇಬ್ಬರು ನರ್ಸ್‌ಗಳು ಎಂದು ಎಣಿಸಬಹುದೇ? ಎಣಿಸಬಹುದು. ಹಾಗಾದರೆ ಒಬ್ಬರಿದ್ದಾಗ ಹಿಂದಿನ ಜಾಗ ಖಾಲಿ ಬಿಡಬೇಡಿ. ಎರಡು ಹಾಲು, ಮೂರು ಅಕ್ಕಿ ಎಂದು ಎಣಿಸುವುದಿಲ್ಲ, ಹಾಲಿಗೆ 'ಎ' ಬೇಡ.

ಕನ್ನಡ ಉಪನ್ಯಾಸಕಿ

ಮೇಷ್ಟ್ರೇ, ಕನ್ನಡದಲ್ಲಿ 'ಒಬ್ಬ', 'ಆ' ಮಾತ್ರ ಈ ಕೆಲಸ ಮಾಡುವುದಿಲ್ಲ ಎಂದು ಸೇರಿಸುತ್ತೇನೆ. ದ್ವಿತೀಯಾ ವಿಭಕ್ತಿಯೂ ಮಾಡುತ್ತದೆ. "ರೈತ ಎತ್ತು ಮಾರಿದ" ಎಂದರೆ ಯಾವುದೋ ಎತ್ತು ಆಗಬಹುದು. "ರೈತ ಎತ್ತನ್ನು ಮಾರಿದ" ಎಂದರೆ ನಮ್ಮಿಬ್ಬರಿಗೂ ಗೊತ್ತಿರುವ ಎತ್ತು ಎಂಬ ಭಾವ ಬರುತ್ತದೆ. ಎಲ್ಲ ವಾಕ್ಯಗಳಲ್ಲೂ ಇದು ಹೀಗೆಯೇ ಎಂದು ಹೇಳಲಾರೆ, ವ್ಯಕ್ತಿಗಳ ವಿಷಯದಲ್ಲಿ 'ಅನ್ನು' ಹೇಗಿದ್ದರೂ ಬರುತ್ತದೆ. ಆದರೂ ನನ್ನ ವಿದ್ಯಾರ್ಥಿಗಳಿಗೆ 'ದಿ' ಅರ್ಥವಾದದ್ದು ಈ ಜೋಡಿಯಿಂದ. "ಬಾಗಿಲನ್ನು ಹಾಕು" ಎನ್ನುವಾಗ ಯಾವ ಬಾಗಿಲು ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಲಿ 'ದಿ' ಬರುತ್ತದೆ.

ವ್ಯಾಕರಣಾಸಕ್ತ

ಮುಕ್ತ ವಿಶ್ವವಿದ್ಯಾನಿಲಯ ನನಗೆ ಹೊಳೆದಿರಲಿಲ್ಲ, ಎರಡನೆಯದನ್ನು ಒಪ್ಪಿದೆ. ಏಳನೆಯದನ್ನು ಒಪ್ಪುವುದಿಲ್ಲ. ನಾವು 'ಹೆಚ್.ಎಂ.ಟಿ.' ಎಂದೇ ಹೇಳುವುದು, ಬರೆಯುವುದೂ ಹಾಗೆಯೇ. ನೀವೇ ಹೇಳಿದ ಕಿವಿಯ ಲೆಕ್ಕದಲ್ಲಿ ಹಕಾರ ವ್ಯಂಜನ. ಹಾಗಿದ್ದರೆ 'ಎ ಹೆಚ್.ಎಂ.ಟಿ. ವಾಚ್' ಸರಿಯಾಯಿತು, ಹುಡುಗಿಯ ಉತ್ತರ ಸರಿ, ಕೀ ಉತ್ತರವೇ ತಪ್ಪು.

ನಿವೃತ್ತ ಮೇಷ್ಟ್ರು

ನಿಮ್ಮ ತರ್ಕದಲ್ಲಿ ದೋಷ ಕಾಣಲಿಲ್ಲ. ಆ ಅಕ್ಷರದ ಹೆಸರು ನಿಘಂಟುಗಳ ಪ್ರಕಾರ 'ಏಚ್', ಸ್ವರದಿಂದ ಆರಂಭ. ಹಾಗೆ ನುಡಿಯುವವರಿಗೆ 'ಆನ್'. 'ಹೇಚ್' ಎಂದು ಹಕಾರ ಸೇರಿಸಿ ಹೇಳುವವರು ಐರ್ಲೆಂಡಿನಲ್ಲಿ ಬಹಳ, ಇಂಗ್ಲೆಂಡಿನಲ್ಲೂ ಇದ್ದಾರೆ. ಹಾಗೆ ನುಡಿಯುವವರು 'ಎ' ಎಂದು ಬರೆದರೆ ಅವರ ಉಚ್ಚಾರಣೆಗೆ ಅದು ಹೊಂದುತ್ತದೆ. ನಮ್ಮಲ್ಲಿ 'ಎಚ್' ಮತ್ತು 'ಹೆಚ್' ಎರಡೂ ಬೋರ್ಡುಗಳ ಮೇಲೆ ಕಾಣುತ್ತವೆ. ಪರೀಕ್ಷೆಯಲ್ಲಿ ಬಂದರೆ 'ಆನ್' ಬರೆಯಲು ನಾನು ಹೇಳುತ್ತಿದ್ದೆ, ಪುಸ್ತಕಗಳ ರೂಢಿ ಅದು. ಆದರೆ ಕಾರಣದ ಜಾಗದಲ್ಲಿ "ಹೆಚ್ ಎಂದು ಉಚ್ಚರಿಸುತ್ತೇನೆ, ಮೊದಲ ಧ್ವನಿ ಹ" ಎಂದು ಬರೆದ ಮಗುವಿಗೆ ನಾನಾಗಿದ್ದರೆ ಅಂಕ ಕಳೆಯುತ್ತಿರಲಿಲ್ಲ. "ಸ್ವರಾಕ್ಷರ ಇಲ್ಲ" ಎಂದು ಬರೆದಿದ್ದರೆ ಕಳೆಯುತ್ತಿದ್ದೆ.

ವ್ಯಾಕರಣಾಸಕ್ತ

ಒಂದೇ ಉತ್ತರಕ್ಕೆ ಒಬ್ಬರಿಗೆ ಅಂಕ, ಇನ್ನೊಬ್ಬರಿಗೆ ಇಲ್ಲ ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಮೌಲ್ಯಮಾಪನ ಹೇಗೆ ಸಾಧ್ಯ? ಇಂಥ ವಾಕ್ಯವನ್ನು ಏಳನೇ ತರಗತಿಗೆ ಕೊಡಲೇಬಾರದು.

ಏಳನೇ ತರಗತಿಯ ಅಮ್ಮ

ಉಳಿದದ್ದು ಎಂಟನೆಯದು, ಆನೆ. ಇದರಲ್ಲಿ ಮಾತ್ರ ಅವಳು ಹಟ ಹಿಡಿದಿದ್ದಾಳೆ. ನಮ್ಮೂರಿನ ದೇವಸ್ಥಾನದಲ್ಲಿ ಒಂದೇ ಆನೆ ಇದೆ. ಪ್ರತಿ ಹಬ್ಬಕ್ಕೂ ಅದಕ್ಕೆ ಬಾಳೆಹಣ್ಣು ಕೊಟ್ಟು ಸೊಂಡಿಲಿನಿಂದ ತಲೆ ಮುಟ್ಟಿಸಿಕೊಂಡು ಬರುತ್ತಾಳೆ. "ಅದು ಯಾವುದೋ ಆನೆ ಅಲ್ಲ, ಆ ಆನೆಯೇ" ಎನ್ನುತ್ತಾಳೆ. 'ದಿ' ಬರೆದದ್ದು ಏಕೆ ತಪ್ಪು ಎಂದು ನನಗೂ ಹೇಳಲಾಗುತ್ತಿಲ್ಲ.

ನಿವೃತ್ತ ಮೇಷ್ಟ್ರು

ತಪ್ಪಲ್ಲ. ಕೀ ಉತ್ತರ ಬರೆದವರು ಬಹುಶಃ ಹೀಗೆ ಯೋಚಿಸಿದ್ದಾರೆ: ಆನೆ ಮೊದಲ ಸಲ ಬಂದಿದೆ, ಮೊದಲ ಧ್ವನಿ ಸ್ವರ, ಆದ್ದರಿಂದ 'ಆನ್'. ಆದರೆ ಮೊದಲ ಸಲ ಬಂದದ್ದಕ್ಕೆಲ್ಲ 'ಎ' ಅಥವಾ 'ಆನ್' ಬರಬೇಕಿಲ್ಲ. ಒಂದನೆಯ ವಾಕ್ಯವನ್ನೇ ನೋಡಿ, 'ಬಸ್ ಸ್ಟ್ಯಾಂಡ್' ಅಲ್ಲಿ ಮೊದಲ ಸಲವೇ ಬಂದಿದೆ, ಆದರೂ ವರ್ಕ್‌ಶೀಟಿನವರೇ 'ದಿ' ಎಂದು ಮುದ್ರಿಸಿದ್ದಾರೆ. ಊರಿನ ಬಸ್ ಸ್ಟ್ಯಾಂಡ್ ಯಾವುದೆಂದು ಕೇಳುವವರಿಗೆ ಗೊತ್ತು ಎಂದು ಭಾವಿಸಿ ಬರೆದದ್ದು ಅದು. ಹುಡುಗಿಯೂ ಆನೆಯ ವಿಷಯದಲ್ಲಿ ಹಾಗೆಯೇ ಭಾವಿಸಿದ್ದಾಳೆ.

ಇದನ್ನು ಎರಡನೆಯ ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ 'ಮೈಸೂರಿನಲ್ಲಿ' ಎಂಬ ವಿವರ ಇದೆ, ಇಲ್ಲಿ 'ದೇವಸ್ಥಾನದಲ್ಲಿ' ಎಂಬ ವಿವರ ಇದೆ. ವಿವರ ಇದ್ದ ಮಾತ್ರಕ್ಕೆ 'ದಿ' ಬರುವುದಿಲ್ಲ. ಆ ವಿವರ ಒಂದನ್ನೇ ಉಳಿಸಿಕೊಡುತ್ತದೆಯೇ ಎಂದು ಕೇಳಬೇಕು. ಮೈಸೂರಿನಲ್ಲಿ ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾನಿಲಯಗಳು ಉಳಿಯುತ್ತವೆ. ನಿಮ್ಮೂರಿನ ದೇವಸ್ಥಾನದಲ್ಲಿ ಒಂದೇ ಆನೆ ಉಳಿಯುತ್ತದೆ. ಹಲವು ಆನೆಗಳಿರುವ ದೇವಸ್ಥಾನಕ್ಕೆ ಪ್ರವಾಸಿಯಾಗಿ ಹೋಗಿ ಬಂದವನು 'ಆನ್' ಎಂದು ಬರೆದರೆ ಅವನದೂ ಸರಿ.

ಕನ್ನಡ ಉಪನ್ಯಾಸಕಿ

ಕನ್ನಡದಲ್ಲಿ ಹೇಳಿಸಿ ನೋಡಿ. ಅವಳು "ದೇವಸ್ಥಾನದ ಆನೆ ನಮಗೆ ಆಶೀರ್ವಾದ ಮಾಡಿತು" ಎಂದರೆ ಮನಸ್ಸಿನಲ್ಲಿರುವುದು 'ದಿ'. "ದೇವಸ್ಥಾನದಲ್ಲಿ ಒಂದು ಆನೆ ನಮಗೆ ಆಶೀರ್ವಾದ ಮಾಡಿತು" ಎಂದರೆ 'ಆನ್'.

ವ್ಯಾಕರಣಾಸಕ್ತ

ಪರೀಕ್ಷೆ ಬರೆಯುವ ಮಗು ತನ್ನ ಊರಿನ ಆನೆಯನ್ನು ಉತ್ತರಕ್ಕೆ ತರುವಂತಿಲ್ಲ. ಹಾಳೆಯ ಮೇಲಿರುವುದಷ್ಟೇ ಲೆಕ್ಕ. ಹಾಳೆಯಲ್ಲಿ ಒಂದೇ ಆನೆ ಎಂದು ಎಲ್ಲಿಯೂ ಇಲ್ಲ.

ಬರ್ಮಿಂಗ್‌ಹ್ಯಾಮ್‌ನ ನರ್ಸ್

ಹಲವು ಆನೆ ಎಂದೂ ಇಲ್ಲವಲ್ಲ ಸರ್. ಇಲ್ಲಿನ ನನ್ನ ಸಹೋದ್ಯೋಗಿಗೆ ಈ ವಾಕ್ಯವನ್ನು ಬಿಟ್ಟ ಸ್ಥಳದೊಂದಿಗೆ ತೋರಿಸಿದೆ. ಅವಳು ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವಳು, ಯೋಚಿಸದೆ 'ದಿ' ಎಂದಳು. 'ಆನ್' ಎಂದರೆ ತಪ್ಪೇ ಎಂದು ಕೇಳಿದೆ. ತಪ್ಪಲ್ಲ, ಆಗ ಅಲ್ಲಿ ಬಹಳ ಆನೆಗಳಿರುವ ಹಾಗೆ ಕೇಳಿಸುತ್ತದೆ ಎಂದಳು. ಒಬ್ಬಳ ಮಾತಷ್ಟೇ ಇದು.

ಏಳನೇ ತರಗತಿಯ ಅಮ್ಮ

ನಿನ್ನೆ ರಾತ್ರಿ ಕೂತು ಹಾಳೆಯನ್ನು ಮತ್ತೆ ಬರೆದಳು. ಕಾರಣಗಳು ಅವಳ ಮಾತಿನಲ್ಲೇ ಇವೆ, ಇಲ್ಲಿ ಹಾಗೆಯೇ ಇಡುತ್ತೇನೆ. ಒಂದು: ಹ ಕೇಳಿಸುವುದಿಲ್ಲ, ಅ ಕೇಳಿಸುತ್ತದೆ. ಎರಡು: ಯ ಕೇಳಿಸುತ್ತದೆ, ಯಾವ ವಿಶ್ವವಿದ್ಯಾನಿಲಯ ಎಂದು ಹೇಳಿಲ್ಲ. ಮೂರು: ತುಟಿ ದುಂಡಾಯಿತು, ವ. ನಾಲ್ಕು: ಮೊದಲು ಯಾವುದೋ ಎತ್ತು, ಆಮೇಲೆ ಅದೇ ಎತ್ತು. ಐದು: ಎಂ ಎಂದು ಓದುತ್ತೇವೆ, ಒಬ್ಬರೇ ಇದ್ದಾರೆ. ಆರು: ನದಿಯ ಹೆಸರು. ಏಳಕ್ಕೆ 'ಆನ್' ಎಂದು ಬದಲಿಸಿ "ಪುಸ್ತಕದಲ್ಲಿ ಎಚ್" ಎಂದು ಬರೆದಿದ್ದಾಳೆ. ಆದರೆ ಮನೆಯಲ್ಲಿ ಅವಳ ಅಜ್ಜ ಹೆಚ್ ಎನ್ನುವುದನ್ನು ಬಿಡುವುದಿಲ್ಲ.

ಮೇಷ್ಟ್ರು ಕೇಳಲು ಹೇಳಿದ್ದರಿಂದ ಐದನೆಯದನ್ನು ಮೊದಲು ಹೇಗೆ ಓದಿದ್ದೆ ಎಂದು ಕೇಳಿದೆ. 'ಯೆಮ್ಮೆಲ್ಲೆ' ಎಂದೇ ಓದಿದ್ದಳಂತೆ.

ಎಂಟನೆಯದನ್ನು ಬದಲಿಸಲಿಲ್ಲ. 'ದಿ' ಹಾಗೆಯೇ ಇದೆ, ಪಕ್ಕದಲ್ಲಿ "ನಮ್ಮ ದೇವಸ್ಥಾನದಲ್ಲಿ ಒಂದೇ ಆನೆ" ಎಂದು ಬರೆದಿದ್ದಾಳೆ. ಸೋಮವಾರ ಹಾಳೆಯನ್ನು ಶಿಕ್ಷಕಿಗೆ ಅವಳೇ ತೋರಿಸುತ್ತಾಳಂತೆ.